ಮಾವನಿಗೆ ಸಾಲದ ಪತ್ರ: ಕಂತಿನ ಲೆಕ್ಕ ಹೇಗೆ ಬರೆಯಲಿ?

ಮಲ್ಪೆಯ ಮೀನು ವ್ಯಾಪಾರಿ: ಬಂದರಿನಿಂದ ಕಾರ್ಕಳಕ್ಕೆ ಮೀನು ಒಯ್ಯಲು ಹಳೆಯ ಪಿಕಪ್ ಕೊಳ್ಳಬೇಕು. ಮುಂಬೈಯ ಸೋದರಮಾವನಲ್ಲಿ ₹2,40,000 ಕೇಳಿ ಪತ್ರ ಬರೆಯುತ್ತಿದ್ದೇನೆ. ತಿಂಗಳಿಗೆ ₹10,000ದಂತೆ ಎರಡು ವರ್ಷದಲ್ಲಿ ತೀರಿಸುತ್ತೇನೆ ಎಂದರೆ ಸಾಕೇ?

ಉಡುಪಿಯ ನಿವೃತ್ತ ಬ್ಯಾಂಕ್ ನೌಕರ: ಆ ಲೆಕ್ಕ ಮೊದಲ ಮಳೆಗಾಲದಲ್ಲೇ ಮುರಿದುಬೀಳುತ್ತದೆ. ಜೂನ್ ಮತ್ತು ಜುಲೈ ಎರಡೂ ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ನಿಮ್ಮ ಗಾಡಿಗೆ ಹೊರೆಯೇ ಇಲ್ಲದಾಗ ಕಂತು ಎಲ್ಲಿಂದ ಬರಬೇಕು? ಆ ಎರಡು ತಿಂಗಳು ಬಿಟ್ಟು ₹12,000ದಂತೆ 20 ಕಂತು ಮಾಡಿ. ಅವಧಿ ಅದೇ ಎರಡು ವರ್ಷ. ನಾನಾದರೆ ಹೀಗೆ ಬರೆಯುತ್ತಿದ್ದೆ:

"ತೀರ್ಥರೂಪ ಸಮಾನರಾದ ಮಾವನವರಿಗೆ ಸಾಷ್ಟಾಂಗ ನಮಸ್ಕಾರಗಳು. ಪಿಕಪ್ ಕೊಳ್ಳಲು ₹2,40,000 ಸಾಲವಾಗಿ ಬೇಕಾಗಿದೆ. ಅಕ್ಟೋಬರ್‌ನಲ್ಲಿ ಹಣ ಕೈಸೇರಿದರೆ ನವೆಂಬರ್‌ನಿಂದ ಮೇ ತನಕ 7 ಕಂತು, ಮರು ಆಗಸ್ಟ್‌ನಿಂದ ಮೇ ತನಕ 10, ಅದರ ಮುಂದಿನ ಆಗಸ್ಟ್‌ನಿಂದ ಅಕ್ಟೋಬರ್ ತನಕ 3 ಕಂತು ಕೊಟ್ಟು ಮುಗಿಸುತ್ತೇನೆ. ಪ್ರತಿ ತಿಂಗಳ 10ರೊಳಗೆ ₹12,000 ನಿಮ್ಮ ಖಾತೆಗೆ ಹಾಕುತ್ತೇನೆ. ಆಗಸ್ಟ್‌ ಕಂತನ್ನು ಮಾತ್ರ ತಿಂಗಳ ಕೊನೆಗೆ ಕೊಡುತ್ತೇನೆ. ನಿಮಗೆ ಅನನುಕೂಲವಾದರೆ ಖಂಡಿತ ಬೇಡವೆನ್ನಿ."

ಆಗಸ್ಟ್‌ ಆರಂಭದಲ್ಲಿ ಕಡಲು ಒರಟಾಗಿದ್ದರೆ ದೋಣಿಗಳು ತಡವಾಗಿ ಹೊರಡುತ್ತವೆ. ಅದಕ್ಕಾಗಿಯೇ ಆ ವಾಕ್ಯ.

ಕಾರ್ಕಳದ ಹೊಲಿಗೆ ಅಂಗಡಿಯವರು: ನಾನು ಚಿಕ್ಕಪ್ಪನಿಗೆ "ವ್ಯಾಪಾರ ಕುದುರಿದ ಮೇಲೆ ಕೊಡುತ್ತೇನೆ" ಎಂದು ಬರೆದಿದ್ದೆ. ಎರಡನೆಯ ಯಂತ್ರ ತಂದ ದಿನ ಅವರಿಗೆ ವ್ಯಾಪಾರ ಕುದುರಿದಂತೆ ಕಂಡಿತು. ನನಗೋ ಆ ಯಂತ್ರದ ಬಾಕಿಯೇ ತೀರಿರಲಿಲ್ಲ. ಆ ವರ್ಷದ ಚೌತಿಗೆ ಅವರು ನಮ್ಮ ಮನೆಗೆ ಬರಲಿಲ್ಲ. ತಾರೀಖು ಬರೆದಿದ್ದರೆ ಇಬ್ಬರಿಗೂ ಆ ನೋವು ಇರುತ್ತಿರಲಿಲ್ಲ.

ಮಂಗಳೂರಿನ ಜೀನಸು ಅಂಗಡಿಯವರು: ಸಾಲದ ಹಣ ಆದಾಯವಲ್ಲ, ಅದಕ್ಕೆ ತೆರಿಗೆಯಿಲ್ಲ. ಮಾವ ಊರಿಗೆ ಬಂದಾಗ ನಗದಾಗಿಯೇ ತೆಗೆದುಕೊಳ್ಳಿ, ಖಾತೆ ಏಕೆ?

ಉಡುಪಿಯ ನಿವೃತ್ತ ಬ್ಯಾಂಕ್ ನೌಕರ: ತೆರಿಗೆಯಿಲ್ಲ ಎಂಬುದು ಸರಿ, ನಗದಿನ ಮಾತು ಸರಿಯಲ್ಲ. ₹20,000 ಅಥವಾ ಅದಕ್ಕಿಂತ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ. ನೆಂಟರೆಂದು ಅದರಲ್ಲಿ ವಿನಾಯಿತಿಯಿಲ್ಲ. ದಂಡ ಪಡೆದ ಮೊತ್ತದಷ್ಟೇ ಆಗಬಹುದು. ಖಾತೆಗೆ ಹಾಕಿಸಿಕೊಂಡರೆ ಎಷ್ಟು ಕಂತು ಸಂದಿತೆಂಬ ಲೆಕ್ಕವೂ ಪಾಸ್‌ಬುಕ್ಕಿನಲ್ಲೇ ಉಳಿಯುತ್ತದೆ.

ಮಲ್ಪೆಯ ಮೀನು ವ್ಯಾಪಾರಿ: ಜೂನ್ ನನಗೆ ಹೊಳೆದೇ ಇರಲಿಲ್ಲ. ಬಡ್ಡಿಯ ಮಾತು ಎತ್ತಬೇಕೇ?

ಕಾರ್ಕಳದ ಹೊಲಿಗೆ ಅಂಗಡಿಯವರು: ಬೇಡ. ಮಾವನ ಮನಸ್ಸಿಗೆ ನೋವಾಗುತ್ತದೆ.

ಉಡುಪಿಯ ನಿವೃತ್ತ ಬ್ಯಾಂಕ್ ನೌಕರ: ನಾನು ಒಪ್ಪುವುದಿಲ್ಲ. ಅವರು ಠೇವಣಿ ಮುರಿದು ಕೊಡುವುದಾದರೆ ಅಲ್ಲಿ ಕಳೆದುಕೊಳ್ಳುವ ಬಡ್ಡಿಯನ್ನಾದರೂ ಕೊಡುತ್ತೇನೆಂದು ಒಂದು ಸಾಲು ಬರೆಯಿರಿ. ಬೇಡವೆನ್ನುವುದು ಅವರಿಗೆ ಬಿಟ್ಟದ್ದು.