ಬ್ಯಾಕಪ್‌ನ ಎಷ್ಟು ಹಳೆಯ ಪ್ರತಿಗಳನ್ನು ಇಟ್ಟುಕೊಳ್ಳಬೇಕು, ಎಷ್ಟು ಕಾಲ?

ಪ್ರಶ್ನೆ (ಕಚೇರಿಯ ಲೆಕ್ಕಪತ್ರ ವಿಭಾಗದವರು): ಲೆಕ್ಕಪತ್ರಗಳೂ ಗ್ರಾಹಕರ ದಾಖಲೆಗಳೂ ಇರುವ ಸುಮಾರು 200 ಜಿ.ಬಿ. ಫೋಲ್ಡರನ್ನು ಪ್ರತಿ ರಾತ್ರಿ ರೆಸ್ಟಿಕ್ ಮೂಲಕ 500 ಜಿ.ಬಿ. ಡಿಸ್ಕಿಗೆ ಬ್ಯಾಕಪ್ ಮಾಡುತ್ತೇವೆ. ಇತ್ತೀಚಿನ 30 ದಿನಗಳ ಪ್ರತಿಗಳನ್ನು ಉಳಿಸಿಕೊಂಡು ಹಳೆಯವನ್ನು ಅಳಿಸುತ್ತೇವೆ. ತ್ರೈಮಾಸಿಕದ ಲೆಕ್ಕ ಮುಗಿಸುವಾಗ ಒಂದು ಹಾಳೆಯಲ್ಲಿ ಹಲವು ಸಾಲುಗಳು ಏಳು ವಾರಗಳ ಹಿಂದೆಯೇ ಅಳಿದುಹೋಗಿದ್ದುದು ಕಂಡುಬಂತು. 30 ಪ್ರತಿಗಳಲ್ಲೂ ಕೆಟ್ಟ ಹಾಳೆಯೇ ಇದೆ. ಇನ್ನು ಮುಂದೆ ಏಳು ವರ್ಷಗಳ ಎಲ್ಲ ಪ್ರತಿಗಳನ್ನೂ ಇಡಬೇಕೆಂದು ನಮ್ಮ ಮುಖ್ಯಸ್ಥರು ಹೇಳುತ್ತಿದ್ದಾರೆ. ಸರಿಯಾದ ಲೆಕ್ಕ ಯಾವುದು?

ಉತ್ತರ (ಸರ್ವರ್ ನಿರ್ವಾಹಕರು): ಎಷ್ಟು ಪ್ರತಿ ಎಂಬುದನ್ನು ಡಿಸ್ಕಿನ ಗಾತ್ರದಿಂದ ಆರಂಭಿಸಿ ಲೆಕ್ಕ ಹಾಕಬೇಡಿ. ಒಂದು ತಪ್ಪು ನಡೆದ ದಿನಕ್ಕೂ ಅದು ಯಾರದಾದರೂ ಕಣ್ಣಿಗೆ ಬೀಳುವ ದಿನಕ್ಕೂ ನಡುವೆ ಎಷ್ಟು ಕಾಲ ಕಳೆಯುತ್ತದೆ ಎಂಬುದರಿಂದ ಆರಂಭಿಸಿ. ಫೋಲ್ಡರ್ ಪೂರ್ತಿ ಮಾಯವಾದರೆ ಮರುದಿನವೇ ಗೊತ್ತಾಗುತ್ತದೆ. ಅದಕ್ಕೆ ನಿನ್ನೆಯ ಪ್ರತಿ ಸಾಕು. ಹಾಳೆಯೊಳಗಿನ ಕೆಲವು ಸಾಲುಗಳು ಮಾತ್ರ ಹೋದರೆ, ಆ ಹಾಳೆಯನ್ನು ಮುಂದೆ ಯಾರಾದರೂ ಗಮನವಿಟ್ಟು ಓದುವ ದಿನದವರೆಗೆ ಅದು ತಿಳಿಯುವುದಿಲ್ಲ, ಮತ್ತು ನಿಮ್ಮಲ್ಲಿ ಆ ದಿನ ಬರುವುದು ತ್ರೈಮಾಸಿಕದ ಕೊನೆಯಲ್ಲಿ. ಹಾಗಾದರೆ ವಾರಕ್ಕೊಂದು ಪ್ರತಿಯಾದರೂ ಒಂದು ತ್ರೈಮಾಸಿಕಕ್ಕಿಂತ ಹಿಂದಕ್ಕೆ ತಲುಪಬೇಕು. ತ್ರೈಮಾಸಿಕದ 13 ವಾರಗಳು, ಲೆಕ್ಕ ಮುಗಿಸಲು ಹಿಡಿಯುವ ಎರಡು ವಾರಗಳು, ಇನ್ನೂ ಪೂರ್ಣವಾಗದ ಈ ವಾರ ಒಂದು: ಒಟ್ಟು 16. ಕೊನೆಯ ಎರಡು ವಾರಗಳಲ್ಲಿ ಮಾತ್ರ ದಿನದಿನದ ವ್ಯತ್ಯಾಸ ಬೇಕಾಗುತ್ತದೆ, ಏಕೆಂದರೆ ಇತ್ತೀಚಿನ ತಪ್ಪಿಗೆ "ಮಂಗಳವಾರ ಸರಿಯಿತ್ತು, ಬುಧವಾರ ಕೆಟ್ಟಿತು" ಎಂಬಷ್ಟು ನಿಖರತೆ ಉಪಯೋಗಕ್ಕೆ ಬರುತ್ತದೆ. ವಾರ್ಷಿಕ ಲೆಕ್ಕಪರಿಶೋಧನೆಯಲ್ಲಿ ಏಳುವ ಪ್ರಶ್ನೆಗಳಿಗೆ ತಿಂಗಳ ಕೊನೆಯ ಪ್ರತಿಗಳು ಸಾಕು. ಆದ್ದರಿಂದ ನಿಮಗೆ ನಾನು ಸೂಚಿಸುವ ನಿಯಮ ಇದು. ಕೊನೆಯಲ್ಲಿ `--dry-run` ಇರುವವರೆಗೆ ಏನೂ ಅಳಿಯುವುದಿಲ್ಲ, ಯಾವುದು ಉಳಿಯುತ್ತದೆ ಯಾವುದು ಹೋಗುತ್ತದೆ ಎಂಬ ಪಟ್ಟಿ ಮಾತ್ರ ಕಾಣುತ್ತದೆ:

```
restic forget --keep-daily 14 --keep-weekly 16 --keep-monthly 12 --dry-run
```

ಮೂರು ಸಂಖ್ಯೆಗಳನ್ನು ಕೂಡಿಸಿದರೆ 42 ಬರುತ್ತದೆ, ಆದರೆ ಉಳಿಯುವ ಪ್ರತಿಗಳು ಅಷ್ಟಿರುವುದಿಲ್ಲ. ಯಾವುದಾದರೂ ಒಂದು ನಿಯಮ ಹಿಡಿದುಕೊಂಡರೂ ಆ ಪ್ರತಿ ಉಳಿಯುತ್ತದೆ. ಈಚಿನ ಎರಡು ಮೂರು ವಾರದ ಪ್ರತಿಗಳು ದಿನದ ಪ್ರತಿಗಳೊಳಗೇ ಇರುತ್ತವೆ, ಈ ತಿಂಗಳದ್ದೂ ಅಲ್ಲೇ ಇರುತ್ತದೆ. ಹೀಗಾಗಿ ಒಟ್ಟು ಸುಮಾರು 38 ಆಗುತ್ತವೆ. ಈಗಿನದಕ್ಕಿಂತ ಎಂಟು ಪ್ರತಿಗಳಷ್ಟೇ ಹೆಚ್ಚು, ಆದರೆ ನೋಟ ಒಂದು ತಿಂಗಳ ಬದಲು ಸರಿಸುಮಾರು ಒಂದು ವರ್ಷದವರೆಗೆ ಹೋಗುತ್ತದೆ.

ಜಾಗದ ಲೆಕ್ಕ ಪ್ರತಿಗಳ ಸಂಖ್ಯೆಯನ್ನು ಹಿಂಬಾಲಿಸುವುದಿಲ್ಲ. ರೆಸ್ಟಿಕ್ ಬದಲಾದ ತುಣುಕುಗಳನ್ನು ಮಾತ್ರ ಹೊಸದಾಗಿ ಬರೆಯುವುದರಿಂದ, ಪಕ್ಕಪಕ್ಕದ ಎರಡು ದಿನಗಳ ನಡುವಿನ ವ್ಯತ್ಯಾಸ ಚಿಕ್ಕದು, ಎರಡು ತಿಂಗಳ ಕೊನೆಗಳ ನಡುವಿನದು ದೊಡ್ಡದು. ಉದಾಹರಣೆಗೆ ದಿನಕ್ಕೆ 1.5 ಜಿ.ಬಿ., ವಾರಕ್ಕೆ 5 ಜಿ.ಬಿ., ತಿಂಗಳಿಗೆ 12 ಜಿ.ಬಿ. ವ್ಯತ್ಯಾಸವಿದೆ ಎಂದುಕೊಳ್ಳೋಣ. ತಿಂಗಳದ್ದು ದಿನದ ಮೂವತ್ತರಷ್ಟು ಆಗದಿರಲು ಕಾರಣ, ಅವೇ ಕೆಲವು ಫೈಲುಗಳು ಮತ್ತೆ ಮತ್ತೆ ಬದಲಾಗುವುದು ಮತ್ತು ನಡುವಿನ ರೂಪಗಳು ನಮ್ಮಲ್ಲಿ ಉಳಿಯದಿರುವುದು. ಮೂಲ 200, ದಿನದ ಪ್ರತಿಗಳಿಗೆ 20, ವಾರದವುಗಳಿಗೆ 65, ಅವುಗಳಿಗೂ ಹಿಂದಿನ ಎಂಟು ತಿಂಗಳುಗಳಿಗೆ 96. ಒಟ್ಟು 380 ಜಿ.ಬಿ. ಹತ್ತಿರ ಆಗುತ್ತದೆ. ನಿಮ್ಮ ನಿಜವಾದ ಅಂಕಿಗಳು ಬೇರೆಯಾಗಿರಬಹುದು. ಈಗಿರುವ ಅತ್ಯಂತ ಹಳೆಯ ಮತ್ತು ಅತ್ಯಂತ ಹೊಸ ಪ್ರತಿಗಳ ಗುರುತುಗಳನ್ನು `restic diff` ಗೆ ಕೊಟ್ಟರೆ, ಕೊನೆಯಲ್ಲಿ ಅದು ತೋರಿಸುವ `Added` ಅಂಕಿಯಿಂದ ತಿಂಗಳ ವ್ಯತ್ಯಾಸ ತಿಳಿಯುತ್ತದೆ.

ಈ ನಿಯಮಕ್ಕೂ ಒಂದು ಕುರುಡು ಜಾಗವಿದೆ. ತಿಂಗಳ 5ರಂದು ಹುಟ್ಟಿ 22ರಂದು ಅಳಿದ ಫೈಲು ತಿಂಗಳ ಕೊನೆಯ ಪ್ರತಿಯಲ್ಲಿ ಇರುವುದೇ ಇಲ್ಲ. ವಾರದ ಪ್ರತಿಗಳು ಇರುವವರೆಗೆ ಮಾತ್ರ ಅದು ಸಿಗುತ್ತದೆ. ಸೋಮವಾರ ಹುಟ್ಟಿ ಶುಕ್ರವಾರ ಅಳಿದದ್ದಂತೂ, ನಡುವೆ ತಿಂಗಳ ಕೊನೆ ಬಾರದಿದ್ದರೆ, ಎರಡು ವಾರಗಳ ನಂತರ ಎಲ್ಲಿಯೂ ಇಲ್ಲ. ಅಂಥ ಅಲ್ಪಾಯುಷಿ ಫೈಲುಗಳು ನಿಮಗೆ ಮುಖ್ಯವಾಗಿದ್ದರೆ ದಿನದ ಸಂಖ್ಯೆಯನ್ನು ಹೆಚ್ಚಿಸಬೇಕೇ ಹೊರತು ತಿಂಗಳುಗಳನ್ನಲ್ಲ.

ಮುಖ್ಯಸ್ಥರು ಹೇಳುವ ಏಳು ವರ್ಷಗಳ ವಿಷಯವೇ ಬೇರೆ. ಕಾಯ್ದಿಡಬೇಕಾದ ದಾಖಲೆಗಳನ್ನು ವರ್ಷದ ಕೊನೆಯಲ್ಲಿ ಪಿಡಿಎಫ್ ಅಥವಾ ಸಿಎಸ್‌ವಿ ರೂಪದಲ್ಲಿ ತೆಗೆದು, ಪ್ರತ್ಯೇಕ ಸಂಗ್ರಹವಾಗಿ ಎರಡು ಕಡೆ ಇಡಿ. ಏಳು ವರ್ಷ ಹಳೆಯ ಬ್ಯಾಕಪ್‌ನಿಂದ ಫೈಲು ಹೊರಬಂದರೂ ಅದನ್ನು ತೆರೆಯುವ ಅಂದಿನ ಲೆಕ್ಕದ ತಂತ್ರಾಂಶ ಆಗ ನಿಮ್ಮಲ್ಲಿ ಇರುತ್ತದೆಂಬ ಖಾತರಿ ಇಲ್ಲ.

ಪ್ರತಿಕ್ರಿಯೆ (ಹಾರ್ಡ್‌ವೇರ್ ಸೇವೆಯವರು): ಸರ್, ಈ ರೀತಿಯ ನಿಯಮದಲ್ಲಿ ಒಂದು ಅಪಾಯವಿದೆ. ಬ್ಯಾಕಪ್ ಸದ್ದಿಲ್ಲದೆ ನಿಂತುಹೋಗಿ ಅಳಿಸುವ ಕೆಲಸ ಮಾತ್ರ ನಡೆಯುತ್ತಿದ್ದರೆ, 14 ದಿನಗಳಲ್ಲಿ ದಿನದ ಪ್ರತಿಗಳೆಲ್ಲ ಖಾಲಿಯಾಗುತ್ತವೆ. ಅದಕ್ಕೇ ನಾನು ಏನನ್ನೂ ತಾನಾಗಿ ಅಳಿಸಲು ಬಿಡುವುದಿಲ್ಲ.

ಉತ್ತರ (ಸರ್ವರ್ ನಿರ್ವಾಹಕರು): ನೀವು ಹೇಳುವ ಅಪಾಯ ನಿಜ, ಆದರೆ ಅದು ಇಲ್ಲಿಯದಲ್ಲ. `--keep-daily 14` ಎಂದರೆ ಕ್ಯಾಲೆಂಡರಿನ ಹದಿನಾಲ್ಕು ದಿನಗಳಲ್ಲ. ಪ್ರತಿ ಇರುವ ಕೊನೆಯ ಹದಿನಾಲ್ಕು ದಿನಗಳು. ಬ್ಯಾಕಪ್ ಮೂರು ತಿಂಗಳು ನಿಂತರೂ ಆ ಹದಿನಾಲ್ಕು ಹಾಗೆಯೇ ಇರುತ್ತವೆ. ವಯಸ್ಸು ನೋಡಿ ಅಳಿಸುವ ಸ್ಕ್ರಿಪ್ಟ್‌ಗಳಲ್ಲಿ ಮಾತ್ರ ನಿಮ್ಮ ಮಾತು ಅಕ್ಷರಶಃ ಸತ್ಯ:

```
find /backup -name '*.zip' -mtime +30 -delete
```

ಹೊಸ ಪ್ರತಿ ಬಂದಿದೆಯೇ ಇಲ್ಲವೇ ಎಂಬುದನ್ನು ಇದು ನೋಡುವುದೇ ಇಲ್ಲ. ಬ್ಯಾಕಪ್ ನಿಂತ ಒಂದು ತಿಂಗಳಲ್ಲಿ ಕೊನೆಯ ಒಳ್ಳೆಯ ಪ್ರತಿಯನ್ನೂ ಅಳಿಸಿಬಿಡುತ್ತದೆ. ಇಂಥ ಸ್ಕ್ರಿಪ್ಟ್ ಬಳಸುವವರು, ಕಳೆದ ರಾತ್ರಿಯ ಪ್ರತಿ ಇದ್ದರೆ ಮಾತ್ರ ಅಳಿಸುವ ಹಂತಕ್ಕೆ ಹೋಗುವಂತೆ ಬರೆಯಬೇಕು. ಏನನ್ನೂ ಅಳಿಸದಿರುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಡಿಸ್ಕ್ ತುಂಬಿದ ರಾತ್ರಿಯಿಂದ ಹೊಸ ಬ್ಯಾಕಪ್ ಆಗುವುದಿಲ್ಲ.

ಪ್ರತಿಕ್ರಿಯೆ (ಛಾಯಾಗ್ರಾಹಕರು): ನನ್ನ ಬಳಿ ಮೂರು ಟಿ.ಬಿ. ಫೋಟೊಗಳಿವೆ. ಹಾಗಾದರೆ ನಾನೂ 38 ಪ್ರತಿಗಳನ್ನು ಇಡಬೇಕೆ? ಅಷ್ಟು ಡಿಸ್ಕುಗಳನ್ನು ಎಲ್ಲಿಂದ ತರಲಿ?

ಉತ್ತರ (ಸರ್ವರ್ ನಿರ್ವಾಹಕರು): 38 ಪ್ರತಿ ಎಂದರೆ 38 ಪಟ್ಟು ಜಾಗವಲ್ಲ, ಮೇಡಂ. ಮೂಲ ಫೋಟೊ ಒಮ್ಮೆ ತೆಗೆದ ಮೇಲೆ ಬದಲಾಗುವುದಿಲ್ಲವಾದ್ದರಿಂದ ಹಳೆಯ ಪ್ರತಿಗಳು ಹೆಚ್ಚು ಜಾಗ ತಿನ್ನುವುದಿಲ್ಲ. ಬದಲಾಗುವುದು ತಿದ್ದುಪಡಿಗಳ ಕ್ಯಾಟಲಾಗ್ ಫೈಲು ಮಾತ್ರ. ನಿಮಗೆ ಪ್ರತಿಗಳ ಸಂಖ್ಯೆಗಿಂತ ಎರಡನೆಯ ಡಿಸ್ಕ್ ಬೇರೆ ಕಟ್ಟಡದಲ್ಲಿ ಇರುವುದು ಮುಖ್ಯ. ಅದನ್ನು ಬೇರೆಯಾಗಿ ಚರ್ಚಿಸೋಣ.

ಪ್ರಶ್ನೆ ಕೇಳಿದವರು: ಆಜ್ಞೆಯನ್ನು `--dry-run` ಸಹಿತ ಓಡಿಸಿ ನೋಡಿದೆ. ಎರಡು ಪಟ್ಟಿಗಳು ಬಂದಿವೆ. ಎರಡನೆಯದರಲ್ಲಿ ಎಂಟು ತಿಂಗಳ ಹಿಂದಿನ 30 ಪ್ರತಿಗಳಿವೆ. ನಾವು ಆಗ ಫೋಲ್ಡರಿನ ಹೆಸರನ್ನು `/srv/data` ದಿಂದ `/srv/office` ಗೆ ಬದಲಾಯಿಸಿದ್ದೆವು. ಅವು ಏಕೆ ಉಳಿದಿವೆ? ಈಗ ಅಳಿಸಿಬಿಡಲೇ?

ಉತ್ತರ (ಸರ್ವರ್ ನಿರ್ವಾಹಕರು): ದಯವಿಟ್ಟು ಸದ್ಯಕ್ಕೆ ಏನನ್ನೂ ಅಳಿಸಬೇಡಿ. ರೆಸ್ಟಿಕ್ ಪ್ರತಿಗಳನ್ನು ಯಂತ್ರದ ಹೆಸರು ಮತ್ತು ಫೋಲ್ಡರಿನ ದಾರಿ ನೋಡಿ ಗುಂಪು ಮಾಡಿ, ಪ್ರತಿ ಗುಂಪಿಗೂ ನಿಯಮವನ್ನು ಬೇರೆ ಬೇರೆಯಾಗಿ ಅನ್ವಯಿಸುತ್ತದೆ. ಹೆಸರು ಬದಲಾದ ದಿನ ಹಳೆಯ ಗುಂಪಿಗೆ ಹೊಸ ಪ್ರತಿ ಬರುವುದು ನಿಂತಿತು, ಅದರ ಕೊನೆಯ 30 ದಿನಗಳು ಅಂದಿನಿಂದ ಅಲುಗಾಡದೆ ಕುಳಿತಿವೆ. ಇದು ಯಾರೂ ಯೋಜಿಸಿದ್ದಲ್ಲ, ಆದರೆ ನಿಮಗೆ ಅನುಕೂಲವಾಗಬಹುದು. ಅಳಿದ ಸಾಲುಗಳು ಎಂಟು ತಿಂಗಳಿಗಿಂತ ಹಳೆಯವಾಗಿದ್ದರೆ ಅವು ಆ ಪ್ರತಿಗಳಲ್ಲಿ ಇನ್ನೂ ಇರಬೇಕು. `restic dump` ಗೆ ಪ್ರತಿಯ ಗುರುತು ಮತ್ತು ಹಾಳೆಯ ಹಳೆಯ ದಾರಿಯನ್ನು ಕೊಟ್ಟು ಅದೊಂದನ್ನೇ ಹೊರತೆಗೆದು ನೋಡಿ. ಹೊಸ ನಿಯಮವನ್ನು ಈಗಲೇ ಓಡಿಸಿದರೆ ಆ ಗುಂಪಿನಿಂದಲೂ ಹನ್ನೆರಡರಷ್ಟು ಪ್ರತಿಗಳು ಹೋಗುತ್ತವೆ.

ಅದರ ನಂತರ ಬ್ಯಾಕಪ್ ಮಾಡುವಾಗಲೇ `--tag kacheri` ಸೇರಿಸಿ, ಈಗಿರುವ ಪ್ರತಿಗಳಿಗೂ `restic tag` ಮೂಲಕ ಅದೇ ಗುರುತನ್ನು ಹಚ್ಚಿ, ಹೀಗೆ ಓಡಿಸಿ:

```
restic forget --tag kacheri --group-by host,tags \
  --keep-daily 14 --keep-weekly 16 --keep-monthly 12 --dry-run
```

ಆಗ ಹೆಸರು ಬದಲಾದರೂ ಗುಂಪು ಒಡೆಯುವುದಿಲ್ಲ. ಕೆಲವರು ಸುಲಭವೆಂದು `--group-by host` ಎಂದಷ್ಟೇ ಬರೆಯುತ್ತಾರೆ. ಅದೇ ಯಂತ್ರದಿಂದ ಇಮೇಲಿನ ಬ್ಯಾಕಪ್ ಕೂಡ ಅದೇ ಸಂಗ್ರಹಕ್ಕೆ ಹೋಗುತ್ತಿದ್ದರೆ, ಒಂದು ದಿನದ ಎರಡರಲ್ಲಿ ಕೊನೆಯದು ಮಾತ್ರ ಉಳಿದು ಇನ್ನೊಂದು ಅಳಿದುಹೋಗುತ್ತದೆ. ಪಟ್ಟಿಯನ್ನು ಸಾಲುಸಾಲಾಗಿ ಓದಿ ಖಚಿತವಾದ ಮೇಲೆಯೇ `--dry-run` ತೆಗೆಯಿರಿ. ಡಿಸ್ಕಿನಲ್ಲಿ ಜಾಗ ಬಿಡುವಾಗುವುದು ಆಮೇಲೆ `restic prune` ಓಡಿದಾಗ. ಅದಕ್ಕೂ ಸ್ವಲ್ಪ ಖಾಲಿ ಜಾಗ ಬೇಕಾಗುವುದರಿಂದ ಡಿಸ್ಕನ್ನು ಅಂಚಿನವರೆಗೆ ತುಂಬಲು ಬಿಡಬೇಡಿ. ಇನ್ನೊಂದು ಮಾತು: ಹೊಸ ಫೋಲ್ಡರಿಗೆ ಈಗ 30 ದಿನಗಳ ಇತಿಹಾಸವಷ್ಟೇ ಇದೆ. 16 ವಾರಗಳು ತುಂಬಲು ಸುಮಾರು ಮೂರು ತಿಂಗಳು ಬೇಕು, ಅಲ್ಲಿಯವರೆಗೆ ಈ ರಕ್ಷಣೆ ಅರ್ಧಂಬರ್ಧವೇ.

ಪ್ರಶ್ನೆ ಕೇಳಿದವರು: ಹಾಳೆ ಸಿಕ್ಕಿತು. ಬೇಕಾದ ಸಾಲುಗಳಲ್ಲಿ ಹೆಚ್ಚಿನವು ಅಲ್ಲಿವೆ. ಅನಂತರ ಸೇರಿಸಿದ್ದ ಕೆಲವನ್ನು ರಸೀದಿಗಳಿಂದ ಮತ್ತೆ ಬರೆಯಬೇಕು. ಒಂದು ಕೊನೆಯ ಅನುಮಾನ: ಗ್ರಾಹಕರೊಬ್ಬರು ತಮ್ಮ ದಾಖಲೆಗಳನ್ನು ಅಳಿಸಿ ಎಂದು ಕೇಳಿದರೆ, ಒಂದು ವರ್ಷದ ಹಳೆಯ ಪ್ರತಿಗಳಲ್ಲಿ ಅವು ಉಳಿದಿರುತ್ತವಲ್ಲ?

ಉತ್ತರ (ಸರ್ವರ್ ನಿರ್ವಾಹಕರು): ಉಳಿದಿರುತ್ತವೆ. ಹಳೆಯ ಪ್ರತಿಗಳೊಳಗಿಂದ ಒಂದು ಫೈಲನ್ನು ತೆಗೆಯಲು `restic rewrite` ಇದೆ, ಆದರೆ ಅದು ಬದಲಾದ ಪ್ರತಿಗಳನ್ನು ಹೊಸದಾಗಿ ಬರೆಯುತ್ತದೆ. `--forget` ಸೇರಿಸದಿದ್ದರೆ ಹಳೆಯವೂ ಉಳಿಯುತ್ತವೆ, ಆಮೇಲೆ `prune` ಆಗುವವರೆಗೆ ಮಾಹಿತಿ ಡಿಸ್ಕಿನಲ್ಲೇ ಇರುತ್ತದೆ. ಅಳಿಸಿದವರ ಪಟ್ಟಿಯನ್ನು ಬೇರೆಯಾಗಿ ಇಟ್ಟುಕೊಂಡು, ಬ್ಯಾಕಪ್‌ನಿಂದ ಏನನ್ನಾದರೂ ಮರಳಿ ತಂದಾಗಲೆಲ್ಲ ಆ ಪಟ್ಟಿಯ ಪ್ರಕಾರ ಮತ್ತೆ ಅಳಿಸುವ ಪದ್ಧತಿಯೂ ಇದೆ. ಕಾನೂನಿನ ದೃಷ್ಟಿಯಲ್ಲಿ ಅದಷ್ಟೇ ಸಾಕೇ ಎಂಬುದನ್ನು ನಾನು ಹೇಳಲಾರೆ, ಮುಖ್ಯಸ್ಥರು ವಕೀಲರನ್ನು ಕೇಳುವುದು ಒಳ್ಳೆಯದು. ಅವರ ಉತ್ತರ ಕಡಿಮೆ ಅವಧಿ ಎಂದು ಬಂದರೆ ಮೊದಲು ತಿಂಗಳುಗಳನ್ನು ಕಡಿಮೆ ಮಾಡಿ, 16 ವಾರಗಳನ್ನು ಮುಟ್ಟಬೇಡಿ.

ಪ್ರತಿಕ್ರಿಯೆ (ಹಾರ್ಡ್‌ವೇರ್ ಸೇವೆಯವರು): ನನ್ನ ಬಳಿ ಇರುವುದು `find` ಸ್ಕ್ರಿಪ್ಟೇ. ಅದನ್ನು ನಾನೇ ಕೈಯಾರೆ ಓಡಿಸುತ್ತೇನೆ. ಇಂದು ರಾತ್ರಿ ಅದಕ್ಕೆ, ನಿನ್ನೆಯ ಪ್ರತಿ ಇದೆಯೇ ಎಂದು ನೋಡುವ ಸಾಲು ಸೇರಿಸುತ್ತೇನೆ. ಆದರೂ ಅಳಿಸುವ ಆಜ್ಞೆಯನ್ನು ಮನುಷ್ಯರೇ ಕೊಡಬೇಕೆಂಬ ನನ್ನ ಅಭಿಪ್ರಾಯ ಬದಲಾಗಿಲ್ಲ, ಸರ್.