C4H8O2: ಎರಡು ಎಸ್ಟರ್‌ಗಳಲ್ಲಿ ಇದು ಯಾವುದು?

ಕೇಳಿದವರು: ಫಾರ್ಮುಲಾ C4H8O2. ಐಆರ್‌ನಲ್ಲಿ 1740ರ ಹತ್ತಿರ ದೊಡ್ಡ ಪೀಕ್, 3450ರ ಹತ್ತಿರ ಸಣ್ಣ ಉಬ್ಬು. ಎನ್‌ಎಂಆರ್‌ನಲ್ಲಿ 3.67ಕ್ಕೆ ಸಿಂಗ್ಲೆಟ್, 2.32ಕ್ಕೆ ಕ್ವಾರ್ಟೆಟ್, 1.15ಕ್ಕೆ ಟ್ರಿಪ್ಲೆಟ್. ಈಥೈಲ್ ಅಸಿಟೇಟ್, ಮೀಥೈಲ್ ಪ್ರೊಪನೋಯೇಟ್ ಎರಡೂ ಹೊಂದುವ ಹಾಗೆ ಕಾಣುತ್ತೆ. ನೀವೆಲ್ಲ ಇಂಥದ್ದನ್ನು ಹೇಗೆ ಬಿಡಿಸುತ್ತೀರಿ?

ಹೊಂಗೆ: 1740 ಅಂದರೆ ಎಸ್ಟರ್, ಅದರಲ್ಲಿ ಅನುಮಾನ ಇಲ್ಲ. ಕ್ವಾರ್ಟೆಟ್ ಜೊತೆ ಟ್ರಿಪ್ಲೆಟ್ ಬಂದರೆ ಈಥೈಲ್ ಗುಂಪು. ಹಾಗಾಗಿ ಈಥೈಲ್ ಅಸಿಟೇಟ್. ನಾನು ಯಾವಾಗಲೂ ಹೀಗೇ ಮಾಡುವುದು.

ಮಳೆಬಿಲ್ಲು: ಈಥೈಲ್ ಇದೆ ಅನ್ನುವುದು ಸರಿ, ಹೊಂಗೆ. ಆದರೆ ಈಥೈಲ್ ಎರಡರಲ್ಲೂ ಇದೆ. ಅದು ಯಾವುದಕ್ಕೆ ಅಂಟಿಕೊಂಡಿದೆ ಅನ್ನುವುದನ್ನು ಪೀಕ್ ಎಷ್ಟು ಭಾಗವಾಗಿದೆ ಎಂಬುದು ಹೇಳುವುದಿಲ್ಲ, ಎಲ್ಲಿ ನಿಂತಿದೆ ಎಂಬುದು ಹೇಳುತ್ತದೆ.

ನಾನು ಮಾಡುವುದು ಇಷ್ಟು. ಎರಡೂ ರಚನೆ ಪಕ್ಕಪಕ್ಕ ಬರೆಯುತ್ತೇನೆ. ಪ್ರತಿ ಗುಂಪಿನ ಕೆಳಗೆ ಅದು ಎಲ್ಲಿ ಬರಬೇಕು ಅಂತ ಬರೆಯುತ್ತೇನೆ. ಈಥೈಲ್ ಅಸಿಟೇಟ್‌ನಲ್ಲಿ CH2 ನೇರವಾಗಿ ಆಕ್ಸಿಜನ್‌ಗೆ ಸೇರಿದೆ, ಹಾಗಾಗಿ ಕ್ವಾರ್ಟೆಟ್ 4.1ರ ಹತ್ತಿರ ಇರಬೇಕು. CH3 ಕಾರ್ಬೊನಿಲ್ ಪಕ್ಕದಲ್ಲಿದೆ, ಸಿಂಗ್ಲೆಟ್ 2.0ರ ಹತ್ತಿರ. ಮೀಥೈಲ್ ಪ್ರೊಪನೋಯೇಟ್‌ನಲ್ಲಿ ಇದು ತಿರುಗುಮುರುಗು: ಆಕ್ಸಿಜನ್ ಮೇಲಿರುವುದು CH3, ಸಿಂಗ್ಲೆಟ್ 3.7ಕ್ಕೆ ಬರುತ್ತದೆ. CH2 ಕಾರ್ಬೊನಿಲ್ ಪಕ್ಕ, ಕ್ವಾರ್ಟೆಟ್ 2.3ಕ್ಕೆ. ಆಕ್ಸಿಜನ್ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆದುಕೊಳ್ಳುತ್ತದಲ್ವಾ, ಅದಕ್ಕೇ ಅದರ ಮೇಲಿರುವ ಗುಂಪು ಎಡಕ್ಕೆ ಸರಿಯುತ್ತದೆ. ನಿಮ್ಮ ಅಂಕಿಗಳು ಎರಡನೆಯದಕ್ಕೇ ಕೂರುತ್ತವೆ. ಟ್ರಿಪ್ಲೆಟ್ ನೋಡುತ್ತಾ ಕೂರಬೇಡಿ. ಅದು ಒಂದರಲ್ಲಿ 1.26, ಇನ್ನೊಂದರಲ್ಲಿ 1.15, ಅದರಿಂದ ತೀರ್ಮಾನ ಕಷ್ಟ.

1740 ಕಂಡ ಕೂಡಲೇ ಎಸ್ಟರ್ ಅನ್ನಬೇಡಿ. ಸೈಕ್ಲೋಪೆಂಟನೋನ್ ಕೂಡ ಅದೇ ಜಾಗದಲ್ಲಿ ಬರುತ್ತದೆ. ಇಲ್ಲಿ ಎಸ್ಟರ್ ಅನ್ನಲು ಧೈರ್ಯ ಕೊಡುವುದು ಫಾರ್ಮುಲಾ. ಆಕ್ಸಿಜನ್ ಎರಡಿವೆ, ಅಸಂತೃಪ್ತತೆ ಒಂದೇ. ಅದು C=Oಗೆ ಖರ್ಚಾಯಿತು, ಇನ್ನು ರಿಂಗ್‌ಗೆ ಜಾಗ ಇಲ್ಲ. 1000ರಿಂದ 1300ರ ನಡುವೆ C–Oದ ಗಟ್ಟಿ ಪೀಕ್ ಇದೆಯಾ ಅಂತಲೂ ನೋಡಿಕೊಳ್ಳಿ.

ಬೆಳ್ಳಿಚುಕ್ಕಿ: 3450ರ ಉಬ್ಬು ಬಿಟ್ಟುಬಿಟ್ಟಿರಲ್ಲ? ಅದು OH ಅಲ್ವಾ? ಹಾಗಾದರೆ ಬ್ಯುಟನೋಯಿಕ್ ಆಸಿಡ್ ಕೂಡ ನೋಡಬೇಕು.

ಮಳೆಬಿಲ್ಲು: ಆಸಿಡ್ ಆಗಿದ್ದರೆ ಸಣ್ಣ ಉಬ್ಬಾಗಿ ಬರುತ್ತಿರಲಿಲ್ಲ. 2500ರಿಂದ 3300ರವರೆಗೆ ಅಗಲವಾಗಿ ಹರಡಿ C–H ಪೀಕ್‌ಗಳನ್ನೇ ನುಂಗುತ್ತಿತ್ತು. C=O 1710ಕ್ಕೆ ಇಳಿಯುತ್ತಿತ್ತು, ಎನ್‌ಎಂಆರ್‌ನಲ್ಲಿ 11–12ರ ಕಡೆ ಒಂದು ಹೈಡ್ರೋಜನ್ ಕಾಣುತ್ತಿತ್ತು. ಈ ಉಬ್ಬು C=Oದ ಓವರ್‌ಟೋನ್ ಇರಬೇಕು. 1740ರ ಎರಡರಷ್ಟು ಅಂದರೆ 3480, ಅದಕ್ಕಿಂತ ಸ್ವಲ್ಪ ಕೆಳಗೆ ಬರುತ್ತದೆ. ಸ್ಯಾಂಪಲ್‌ನಲ್ಲಿ ತೇವ ಇದ್ದರೂ ಅಲ್ಲೇ ಏನಾದರೂ ಕಾಣಬಹುದು. ಚಿತ್ರ ನೋಡದೆ ಎರಡರಲ್ಲಿ ಯಾವುದು ಅಂತ ಹೇಳಲಾರೆ.

ತಂಗಾಳಿ: ನನ್ನದೂ ಇದೇ ತೊಂದರೆ! ಎಥನಾಲ್‌ನಲ್ಲಿ OH ಪಕ್ಕ CH2 ಇದೆ, ಟ್ರಿಪ್ಲೆಟ್ ಬರಬೇಕು ತಾನೇ? ಚಿತ್ರದಲ್ಲಿ ಮಾತ್ರ ಸಿಂಗ್ಲೆಟ್.

ಹೊಂಗೆ: ಅದು ಬೇರೆ ವಿಷಯ, ತಂಗಾಳಿ. ಆ ಹೈಡ್ರೋಜನ್ ಒಂದು ಅಣುವಿನಿಂದ ಇನ್ನೊಂದಕ್ಕೆ ಬೇಗ ಬೇಗ ಬದಲಾಗುತ್ತಿರುತ್ತದೆ, ಸ್ವಲ್ಪ ನೀರೋ ಆಸಿಡ್ಡೋ ಇದ್ದರೆ ಸಾಕು. ತುಂಬಾ ಒಣ ಸ್ಯಾಂಪಲ್‌ನಲ್ಲಿ ಟ್ರಿಪ್ಲೆಟ್ ಕಾಣುತ್ತದೆ.

ಮೂಲ ಪ್ರಶ್ನೆಗೆ ಬಂದರೆ, ಜಾಗ ನೋಡಬೇಕು ಅನ್ನುವುದನ್ನು ಒಪ್ಪುತ್ತೇನೆ. ಆದರೂ ನಾನು ಎನ್‌ಎಂಆರ್‌ನಿಂದಲೇ ಶುರು ಮಾಡುತ್ತೇನೆ. ಐಆರ್ ಕೊನೆಗೆ ತಾಳೆ ನೋಡಲು ಸಾಕು.

ಬೆಳ್ಳಿಚುಕ್ಕಿ: ನನಗೆ ಐಆರ್ ಮೊದಲು ಬೇಕು. OH ಇದೆಯಾ, C=O ಇದೆಯಾ ಅಂತ ಗೊತ್ತಾದರೆ ಅರ್ಧ ರಚನೆಗಳು ಅಲ್ಲೇ ಉದುರಿಹೋಗುತ್ತವೆ.

ಕೇಳಿದವರು: ಪಕ್ಕಪಕ್ಕ ಬರೆದಾಗ ಸ್ಪಷ್ಟವಾಯಿತು. ಅದೇ ಫಾರ್ಮುಲಾದ ಇನ್ನೊಂದು ಇದೆ: 8.0ಕ್ಕೆ ಸಿಂಗ್ಲೆಟ್, 5.1ಕ್ಕೆ ಐದು ಗೆರೆ, 1.3ಕ್ಕೆ ಡಬ್ಲೆಟ್. ಇಂಟಿಗ್ರೇಷನ್ 1:1:6. 8.0 ಫಾರ್ಮೇಟ್‌ನ ಹೈಡ್ರೋಜನ್, ಡಬ್ಲೆಟ್ ಎರಡು CH3. ಐಸೊಪ್ರೊಪೈಲ್ ಫಾರ್ಮೇಟ್ ಅನ್ನಿಸುತ್ತೆ. ಆದರೆ ಆರು ಹೈಡ್ರೋಜನ್ ಪಕ್ಕ ಏಳು ಗೆರೆ ಇರಬೇಕಲ್ಲ?

ಮಳೆಬಿಲ್ಲು: ನೀವು ಅಂದುಕೊಂಡಿದ್ದೇ ಸರಿ. ಏಳು ಗೆರೆಗಳ ಎತ್ತರ 1:6:15:20:15:6:1. ಎರಡು ತುದಿಯ ಗೆರೆಗಳು ನಡುವಿನದರ ಇಪ್ಪತ್ತನೇ ಒಂದು ಭಾಗ, ಅಚ್ಚಾದ ಚಿತ್ರದಲ್ಲಿ ಬೇಸ್‌ಲೈನ್‌ನಲ್ಲೇ ಮುಳುಗಿಬಿಡುತ್ತವೆ. ನಿಜವಾಗಿ ಐದೇ ಗೆರೆ ಆಗಿದ್ದರೆ 1:4:6:4:1 ಇರಬೇಕು, ಅಂದರೆ ಹೊರಗಿನದು ನಡುವಿನದರ ಆರನೇ ಒಂದು ಭಾಗ. ನಿಮ್ಮದರಲ್ಲಿ ಕಾಣುವ ಹೊರಗಿನ ಗೆರೆ ಮೂರನೇ ಒಂದು ಭಾಗದ ಹತ್ತಿರ ಇದೆಯಾ, ಸ್ಕೇಲ್ ಇಟ್ಟು ಅಳೆದು ನೋಡಿ.