ಕಡಲೆ ಹೊಟ್ಟಿನ ದುಡ್ಡು: ಮಾರಿದಾಗ ಆದಾಯವೋ, ಬೇಳೆ ವೆಚ್ಚದಲ್ಲಿ ಕಡಿತವೋ?

ಪ್ರಶ್ನೆ (ಬೇಳೆ ಮಿಲ್ಲಿನ ಲೆಕ್ಕ ಬರೆಯುವವರು, ಗದಗ): ನಮ್ಮಲ್ಲಿ ಕಡಲೆಬೇಳೆ ಮಾಡುತ್ತೇವೆ. ಹೊಟ್ಟು-ನುಚ್ಚು ದನದ ಮೇವಿಗೆ ಹೋಗುತ್ತದೆ. ಇಷ್ಟು ದಿನ ಮಾರಿದಾಗ ‘ಇತರೆ ಆದಾಯ’ಕ್ಕೆ ಹಾಕುತ್ತಿದ್ದೆ. ಈ ಸಲ ಆಡಿಟರ್, ಅದರ ಬೆಲೆಯನ್ನು ಬೇಳೆ ವೆಚ್ಚದಲ್ಲೇ ಕಳೆಯಿರಿ ಅಂದರು. ಲಾಭ ಎರಡರಲ್ಲೂ ಒಂದೇ ಅಲ್ವಾ? ಸುಮ್ನೆ ಯಾಕೆ ಬದಲಿಸಬೇಕು?

ನಿವೃತ್ತ ಲೆಕ್ಕಿಗರು, ಹಾವೇರಿ: ಬದಲಿಸೋದು ಬೇಡ ತಂಗಿ. ದುಡ್ಡು ಅದೇ, ಬರೆಯುವ ಜಾಗ ಬೇರೆ ಅಷ್ಟೇ. ಮೂವತ್ತು ವರ್ಷ ನಾನು ಇತರೆ ಆದಾಯಕ್ಕೇ ಹಾಕಿದ್ದೇನೆ, ಯಾರೂ ಕೇಳಲಿಲ್ಲ.

ಕಾಸ್ಟ್ ಅಕೌಂಟೆಂಟ್, ಹುಬ್ಬಳ್ಳಿ: ಕಾಕಾ, ಎಲ್ಲ ಸರಕು ಮಾರಿ ಮುಗಿದ ಮೇಲೆ ನಿಮ್ಮ ಮಾತು ನಿಜ. ಮಾರ್ಚ್ 31ಕ್ಕೆ ಗೋದಾಮಿನಲ್ಲಿ ಸರಕು ಉಳಿದಿದ್ದರೆ ನಿಜ ಅಲ್ಲ. ತಂಗಿ, ಮಾರ್ಚ್ ಲೆಕ್ಕ ಕೊಡಿ, ತೋರಿಸುತ್ತೇನೆ.

ಪ್ರಶ್ನೆ ಕೇಳಿದವರು: 100 ಕ್ವಿಂಟಲ್ ಕಡಲೆ, ಗಿರಣಿ ಖರ್ಚು ಸೇರಿ 6,30,000 ರೂಪಾಯಿ. ಬೇಳೆ 75 ಕ್ವಿಂಟಲ್ ಬಂತು, ಹೊಟ್ಟು-ನುಚ್ಚು 20, ಉಳಿದದ್ದು ತೇವ, ಧೂಳು. ಬೇಳೆ 60 ಕ್ವಿಂಟಲ್ ಮಾರಿದೆವು, 9,500ರಂತೆ. ಹೊಟ್ಟು 5 ಕ್ವಿಂಟಲ್ ಮಾತ್ರ ಹೋಯಿತು. ದರ 2,000, ಚೀಲ-ಹಮಾಲಿ 200.

ಕಾಸ್ಟ್ ಅಕೌಂಟೆಂಟ್, ಹುಬ್ಬಳ್ಳಿ: ಹಾಗಾದರೆ ಹೊಟ್ಟು ಕೈಗೆ ತರುವುದು ಕ್ವಿಂಟಲ್‌ಗೆ 1,800.

ಮೊದಲು ನಿಮ್ಮ ಹಳೆಯ ರೀತಿ. 6,30,000 ಪೂರ್ತಿ ಬೇಳೆಯ ಮೇಲೇ ಬೀಳುತ್ತದೆ, ಕ್ವಿಂಟಲ್‌ಗೆ 8,400. ಮಾರಿದ 60ರಲ್ಲಿ ಲಾಭ 66,000. ಹೊಟ್ಟಿನ ಆದಾಯ 9,000. ಒಟ್ಟು 75,000. ಗೋದಾಮಿನಲ್ಲಿ ಬಿದ್ದಿರುವ 15 ಕ್ವಿಂಟಲ್ ಹೊಟ್ಟಿಗೆ ಪುಸ್ತಕದಲ್ಲಿ ಬೆಲೆಯೇ ಇಲ್ಲ.

ಈಗ ಆಡಿಟರ್ ಹೇಳಿದ ರೀತಿ. ಬಂದ 20 ಕ್ವಿಂಟಲ್ ಹೊಟ್ಟಿನ 36,000 ರೂಪಾಯಿಯನ್ನು ವೆಚ್ಚದಲ್ಲಿ ಕಳೆಯಿರಿ. ಮಾರಿದ 5 ಅಲ್ಲ, ಪೂರ್ತಿ 20. ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಉಳಿದ 5,94,000 ಬೇಳೆಯದು, ಕ್ವಿಂಟಲ್‌ಗೆ 7,920. 60 ಮಾರಿದ್ದಕ್ಕೆ ಲಾಭ 94,800.

ವ್ಯತ್ಯಾಸ 19,800. ಮಾರದ ಹೊಟ್ಟಿನ 27,000 ಮೊದಲೇ ಲೆಕ್ಕಕ್ಕೆ ಬಂತು. ಆದರೆ ಮಾರದ 15 ಕ್ವಿಂಟಲ್ ಬೇಳೆಯ ವೆಚ್ಚ 480ರಂತೆ ಇಳಿದದ್ದರಿಂದ 7,200 ಸ್ಟಾಕಿನಲ್ಲೇ ನಿಂತಿತು. ಏಪ್ರಿಲ್‌ನಲ್ಲಿ ಉಳಿದದ್ದೆಲ್ಲ ಇದೇ ದರಕ್ಕೆ ಹೋದರೆ, ಹಳೆ ರೀತಿಯಲ್ಲಿ ಲಾಭ 43,500, ಹೊಸದರಲ್ಲಿ 23,700. ಎರಡೂ ತಿಂಗಳು ಕೂಡಿಸಿದರೆ ಎರಡೂ ಕಡೆ 1,18,500. ಕಾಕಾ ಹೇಳಿದ್ದು ಇದನ್ನೇ.

ನಿವೃತ್ತ ಲೆಕ್ಕಿಗರು, ಹಾವೇರಿ: ಅಂದರೆ ನಡುವೆ ಮಾರ್ಚ್ 31 ಬಂದರೇ ತೊಂದರೆ. ಒಪ್ಪಿದೆ. ಆದರೆ ಮಾರದ ಸರಕಿನ ಮೇಲೆ ಲಾಭ ತೋರಿಸಿದಂತೆ ಆಗುವುದಿಲ್ಲವೇ?

ಕಾಸ್ಟ್ ಅಕೌಂಟೆಂಟ್, ಹುಬ್ಬಳ್ಳಿ: ಒಂದಷ್ಟು ಹಾಗೇ ಇದೆ. ಈ ಅನುಮಾನ ಸರಿಯಾದದ್ದೇ. ಮುಖ್ಯ ಸರಕಿಗೆ ಹೋಲಿಸಿದರೆ ಉಪ ಉತ್ಪನ್ನದ ಮೊತ್ತ ಚಿಕ್ಕದು ಅಂತ, ಸ್ಟಾಕಿನ ಬೆಲೆ ಕಟ್ಟುವ ಲೆಕ್ಕಪತ್ರ ಮಾನದಂಡ ಎಎಸ್ 2 ಅದನ್ನು ಒಪ್ಪುತ್ತದೆ. ಮಾರಿ ಕೈಗೆ ಬರುವ ಮೊತ್ತಕ್ಕೆ ಅದನ್ನು ಇಟ್ಟು, ಮುಖ್ಯ ಸರಕಿನ ವೆಚ್ಚದಲ್ಲಿ ಕಳೆಯುವುದು ಅಲ್ಲಿನ ರೂಢಿ. ವಾರಕ್ಕೊಮ್ಮೆ ಹೊಟ್ಟು ಖಾಲಿಯಾಗುವ ಮಿಲ್ಲಿನಲ್ಲಿ ಹಳೆ ರೀತಿ ನಡೆದೀತು. ಇಲ್ಲಿ ಮುಕ್ಕಾಲು ಪಾಲು ಉಳಿದಿದೆ.

ಹೊಸ ರೀತಿಗೂ ಒಂದು ಕೊರತೆ ಇದೆ. ಬೇಸಿಗೆಯಲ್ಲಿ ಮೇವಿನ ದರ ಏರಿದರೆ ಬೇಳೆಯ ವೆಚ್ಚ ತಾನೇ ಇಳಿಯುತ್ತದೆ. ಮಾಲೀಕರು ಮಷೀನು ಚೆನ್ನಾಗಿ ಓಡಿತು ಅಂದುಕೊಳ್ಳುತ್ತಾರೆ. ಅದಕ್ಕೇ ಕಳೆಯುವ ಮುಂಚಿನ ವೆಚ್ಚವನ್ನೂ ಪಕ್ಕದಲ್ಲಿ ಬರೆದಿಡಿ.

ಜಿನ್ನಿಂಗ್ ಮಿಲ್ಲಿನವರು, ಹುಬ್ಬಳ್ಳಿ: ನಮ್ಮದೂ ಇದೇ ಕಥೆ ಸರ್. ಅರಳೆ ತೆಗೆದ ಮೇಲೆ ಹತ್ತಿ ಬೀಜ ಉಳಿಯುತ್ತದೆ. ಅದನ್ನೂ ಹೀಗೆ ಕಳೆಯಬಹುದಾ?

ಕಾಸ್ಟ್ ಅಕೌಂಟೆಂಟ್, ಹುಬ್ಬಳ್ಳಿ: ನಿಮ್ಮದು ಬೇರೆ ರೀ. ತೂಕದಲ್ಲಿ ಬೀಜವೇ ಅರ್ಧಕ್ಕಿಂತ ಜಾಸ್ತಿ, ದುಡ್ಡೂ ಸಣ್ಣದಲ್ಲ. ಬೀಜದ ದರ ಕೆಟ್ಟರೆ ನೀವು ಹತ್ತಿ ಕೊಳ್ಳುವ ದರವನ್ನೇ ಇಳಿಸುತ್ತೀರಿ ಅಲ್ವಾ? ಹಾಗಿದ್ದರೆ ಅದು ಉಪ ಉತ್ಪನ್ನ ಅಲ್ಲ. ಎರಡಕ್ಕೂ ವೆಚ್ಚ ಹಂಚಬೇಕು. ಗೆರೆ ಎಲ್ಲಿ ಎಳೆಯಬೇಕು ಅನ್ನುವುದಕ್ಕೆ ನಿಗದಿ ಶೇಕಡಾ ಇಲ್ಲ, ನಿಮ್ಮ ಆಡಿಟರ್ ಜೊತೆ ಕೂತು ಮಾತಾಡಿ.

ಪ್ರಶ್ನೆ ಕೇಳಿದವರು: ಸರ್, ಏಪ್ರಿಲ್‌ನಲ್ಲಿ ಉಳಿದ 15 ಕ್ವಿಂಟಲ್ ಹೊಟ್ಟು ಮಾರಿದೆವು. ಅಭ್ಯಾಸಬಲ, ಇತರೆ ಆದಾಯಕ್ಕೇ ಹಾಕಿಬಿಟ್ಟೆ.

ಕಾಸ್ಟ್ ಅಕೌಂಟೆಂಟ್, ಹುಬ್ಬಳ್ಳಿ: ಹೊಸ ರೀತಿ ಹಿಡಿದರೆ ಆ 27,000 ಎರಡು ಸಲ ಲಾಭವಾಗುತ್ತದೆ. ಗುರುತು ಸುಲಭ: ಗೋದಾಮು ಖಾಲಿ, ಪುಸ್ತಕದಲ್ಲಿ ಹೊಟ್ಟು ಹಾಗೇ ಇರುತ್ತದೆ. ಆ ಮೊತ್ತವನ್ನು ಆದಾಯದಿಂದ ತೆಗೆದು ಹೊಟ್ಟಿನ ಸ್ಟಾಕ್ ಖಾತೆಗೆ ಜಮಾ ಮಾಡಿ. ದರ ಎಷ್ಟು ಸಿಕ್ಕಿತು?

ಪ್ರಶ್ನೆ ಕೇಳಿದವರು: ಖರ್ಚು ಕಳೆದು 1,500 ಸರ್. ದರ ಬಿದ್ದಿತ್ತು.

ಕಾಸ್ಟ್ ಅಕೌಂಟೆಂಟ್, ಹುಬ್ಬಳ್ಳಿ: ಹಾಗಾದರೆ ಜಮಾ 22,500 ಮಾತ್ರ, 4,500 ಕಡಿಮೆ. ದರ ಬಿದ್ದದ್ದು ಯಾವಾಗ ಅಂತ ನೋಡಿ. ಮಾರ್ಚ್ ಕೊನೆಗೇ ಪೇಟೆ ಇಳಿದಿದ್ದರೆ 1,800 ಹಿಡಿದದ್ದೇ ತಪ್ಪು, ಬೇಳೆ ವೆಚ್ಚದ ಲೆಕ್ಕವೂ ತಿದ್ದಬೇಕಾಗುತ್ತದೆ. ಏಪ್ರಿಲ್‌ನಲ್ಲಿ ಬಿದ್ದಿದ್ದರೆ ನಷ್ಟ ಏಪ್ರಿಲ್‌ದು. ಮಾರ್ಚ್ ಕೊನೆ ವಾರದ ಬಿಲ್ ಹುಡುಕಿ.